ಘಾಟಿ ಡಿಪೊದ 0.867: ಬಸ್ ಡಿಪೊಗಳನ್ನು ಹೋಲಿಸಿದ ನನ್ನ ಅನುಭವ

ಬಸ್ ಸಾರಿಗೆ ಸಂಸ್ಥೆಯೊಂದರ ಅಂಕಿಅಂಶ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಪ್ರತಿ ತಿಂಗಳೂ ಡಿಪೊಗಳ ಮೂರು ಪಟ್ಟಿಗಳು ಹೊರಡುತ್ತಿದ್ದವು. ಒಂದು, ಲೀಟರಿಗೆ ಎಷ್ಟು ಕಿಲೋಮೀಟರು. ಇನ್ನೊಂದು, ಬಸ್ಸಿಗೆ ಎಷ್ಟು ಸಿಬ್ಬಂದಿ. ಮತ್ತೊಂದು, ದಿನಕ್ಕೆ ಬಸ್ಸೊಂದು ಎಷ್ಟು ಓಡಿತು. ಒಂದು ಪಟ್ಟಿಯಲ್ಲಿ ಮೊದಲು ಬಂದ ಡಿಪೊ ಇನ್ನೊಂದರಲ್ಲಿ ಹದಿಮೂರನೆಯದು. ಒಟ್ಟಾರೆ ಯಾವುದು ಚೆನ್ನಾಗಿ ನಡೆಯುತ್ತಿದೆ ಎಂದು ಮೇಲಧಿಕಾರಿಗಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರಕ್ಕೂ ಇಂತಿಷ್ಟು ಅಂಕ ಎಂದು ನಾವೇ ತೂಕ ಹಾಕಿ ಕೂಡಬಹುದಿತ್ತು. ಆದರೆ ಒಬ್ಬ ನಿರ್ವಾಹಕ ಎಷ್ಟು ಲೀಟರು ಡೀಸೆಲ್‌ಗೆ ಸಮ ಎಂದು ಹೇಳುವ ಹಕ್ಕು ನನಗೆಲ್ಲಿಂದ ಬರಬೇಕು?

ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ಎಂಬ ವಿಧಾನ ನನಗೆ ಹಿಡಿಸಿದ್ದು ಈ ಕಾರಣಕ್ಕೆ. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಕೊಟ್ಟ ರೂಪದಲ್ಲಿ ತೂಕವನ್ನು ನಾವು ಹಾಕುವುದಿಲ್ಲ, ಪ್ರತಿ ಡಿಪೊವೂ ತನಗೆ ಅತ್ಯಂತ ಅನುಕೂಲವಾಗುವ ತೂಕವನ್ನು ತಾನೇ ಆರಿಸಿಕೊಳ್ಳುತ್ತದೆ. ತೂಕ ಹಾಕಿದ ಉತ್ಪನ್ನವನ್ನು ತೂಕ ಹಾಕಿದ ಬಳಕೆಯಿಂದ ಭಾಗಿಸಿದರೆ ಅದರ ಅಂಕ. ಷರತ್ತು ಒಂದೇ: ಅದೇ ತೂಕವನ್ನು ಬೇರೆಲ್ಲ ಡಿಪೊಗಳಿಗೂ ಹಾಕಿದಾಗ ಯಾವುದರ ಅಂಕವೂ 1ನ್ನು ಮೀರಬಾರದು. ಇಷ್ಟು ರಿಯಾಯಿತಿ ಸಿಕ್ಕ ಮೇಲೂ ಒಂದು ಡಿಪೊ 1 ಮುಟ್ಟದಿದ್ದರೆ, ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಅಷ್ಟೇ ಕೆಲಸ ಮಾಡಬಲ್ಲ ಒಂದು ಡಿಪೊ, ಇಲ್ಲವೇ ಕೆಲವು ಡಿಪೊಗಳ ಮಿಶ್ರಣ, ಆ ಪಟ್ಟಿಯಲ್ಲೇ ಸಿಗುತ್ತದೆ ಎಂದರ್ಥ.

ಮೂರು ಬಳಕೆ, ಒಂದು ಉತ್ಪನ್ನ ಇಟ್ಟುಕೊಂಡೆ. ಬಳಕೆ ಎಂದರೆ ಸಿಬ್ಬಂದಿ, ಡೀಸೆಲ್, ಬಸ್ಸು. ಉತ್ಪನ್ನ ಎಂದರೆ ಪ್ರಯಾಣಿಕರಿಗಾಗಿ ಓಡಿದ ಕಿಲೋಮೀಟರು. ಡಿಪೊದಿಂದ ನಿಲ್ದಾಣಕ್ಕೆ ಖಾಲಿ ಓಡಿದ್ದನ್ನು ಕಳೆದೆ. ಒಟ್ಟು ನಾಲ್ಕು ಅಂಶಗಳಿದ್ದರೆ ಕನಿಷ್ಠ ಅದರ ಮೂರು ಪಟ್ಟು, ಅಂದರೆ 12 ಡಿಪೊಗಳಾದರೂ ಬೇಕು ಎಂಬುದು ರೂಢಿಯ ಲೆಕ್ಕ. ಇಲ್ಲದಿದ್ದರೆ ಬಹುತೇಕ ಎಲ್ಲವೂ 1 ಪಡೆದು ಕೂರುತ್ತವೆ. ನಮ್ಮಲ್ಲಿ 16 ಇದ್ದವು. ಇಲ್ಲಿ ನಾಲ್ಕನ್ನು ಮಾತ್ರ ಬಿಡಿಯಾಗಿ ತೆಗೆದು, ಅಂಕಿಗಳನ್ನು ದುಂಡಗೆ ಮಾಡಿ ತೋರಿಸುತ್ತೇನೆ.

ದಿನಕ್ಕೆ 10,000 ಕಿ.ಮೀ. ಓಡಿಸಲು ಹೆದ್ದಾರಿಯ ಬದಿಯ ‘ಕ’ ಡಿಪೊಗೆ 120 ಜನ, 2,000 ಲೀಟರು, 26 ಬಸ್ಸು ಬೇಕು. ಪಟ್ಟಣದ ‘ಗ’ ಡಿಪೊಗೆ 150 ಜನ, 1,900 ಲೀಟರು, 33 ಬಸ್ಸು. ಘಾಟಿಯ ‘ಚ’ ಡಿಪೊಗೆ 150 ಜನ, 2,500 ಲೀಟರು, 30 ಬಸ್ಸು. ಬಯಲುಸೀಮೆಯ ‘ಟ’ ಡಿಪೊಗೆ 140 ಜನ, 2,100 ಲೀಟರು, 31 ಬಸ್ಸು. ಹೀಗೆ ಎಲ್ಲವನ್ನೂ 10,000 ಕಿ.ಮೀ.ಗೆ ಇಳಿಸಬಹುದಾದದ್ದು ಉತ್ಪನ್ನ ಒಂದೇ ಇದ್ದದ್ದರಿಂದ, ಮತ್ತು ಡಿಪೊದ ಗಾತ್ರ ಫಲಿತಾಂಶವನ್ನು ಬದಲಿಸುವುದಿಲ್ಲ ಎಂದು ಒಪ್ಪಿಕೊಂಡದ್ದರಿಂದ. ಗಾತ್ರವೂ ಲೆಕ್ಕಕ್ಕೆ ಬರಬೇಕಾದರೆ 1984ರ ಬ್ಯಾಂಕರ್, ಚಾರ್ನ್ಸ್, ಕೂಪರ್ ಮಾದರಿ ಬೇಕು, ಆಗ ಹೀಗೆ ಭಾಗಿಸಿದರೆ ತಪ್ಪಾಗುತ್ತದೆ.

```python
import numpy as np
from scipy.optimize import linprog
X = np.array([[120,2000,26],[150,1900,33],
              [150,2500,30],[140,2100,31]], float)
n = len(X)
for o in range(n):
    c = np.r_[1, np.zeros(n)]
    A = np.vstack([np.c_[-X[o], X.T], np.r_[0, -np.ones(n)]])
    r = linprog(c, A_ub=A, b_ub=[0,0,0,-1])
    print(r.x.round(3))
```

ಪ್ರತಿ ಸಾಲಿನ ಮೊದಲ ಅಂಕಿ ಆ ಡಿಪೊದ ಅಂಕ. ಉಳಿದ ನಾಲ್ಕು, ಅದನ್ನು ಯಾರೊಂದಿಗೆ ಎಷ್ಟು ಪಾಲು ಹೋಲಿಸಲಾಗಿದೆ ಎಂಬುದು. ಕ ಮತ್ತು ಗ ಎರಡಕ್ಕೂ 1 ಬಂತು. ಟ ಡಿಪೊಗೆ 0.935. ಅದರ ಹೋಲಿಕೆ ಕ ಡಿಪೊದ ಹನ್ನೊಂದರಲ್ಲಿ ಏಳು ಪಾಲು, ಗ ಡಿಪೊದ ನಾಲ್ಕು ಪಾಲು ಸೇರಿಸಿದ ಒಂದು ಕಲ್ಪಿತ ಡಿಪೊದೊಂದಿಗೆ. ಅದು 131 ಜನ, 1,964 ಲೀಟರಿನಲ್ಲಿ ಅಷ್ಟೇ ಓಡಿಸುತ್ತದೆ.

ಈ ಪಾಲುಗಳನ್ನು ನೋಡದೆ ಅಂಕವನ್ನಷ್ಟೇ ಕಳಿಸಿದ್ದು ನಾನು ಮಾಡಿದ ಮೊದಲ ತಪ್ಪು. ಗ ಡಿಪೊ 1 ಪಡೆದದ್ದು ಡೀಸೆಲ್ ಒಂದರ ಬಲದಿಂದ. ಜನ, ಬಸ್ಸು ಎರಡರಲ್ಲೂ ಅದು ಕ ಡಿಪೊಗಿಂತ ಬಹಳ ಹಿಂದೆ. ಪಟ್ಟಣದ ದಟ್ಟಣೆಯಲ್ಲಿ ನಿಂತು ನಿಂತು ಓಡುವ ಬಸ್ಸುಗಳಿಗೆ ಹೆದ್ದಾರಿಯ ಬಸ್ಸುಗಳಿಗಿಂತ ಕಡಿಮೆ ಡೀಸೆಲ್ ಹೇಗೆ ಸಾಕಾಯಿತು? ಬಸ್ಸುವಾರು ದಾಖಲೆ ತರಿಸಿ ಕುಳಿತೆ. ಕೆಲವು ಬಸ್ಸುಗಳ ಎದುರು ಕಿಲೋಮೀಟರು ಇದೆ, ಡೀಸೆಲ್ ಇಲ್ಲ. ಬೇರೆ ವಿಭಾಗದ ಊರುಗಳಲ್ಲಿ ರಾತ್ರಿ ತಂಗುವ ಆ ಬಸ್ಸುಗಳು ಅಲ್ಲಿಯ ಡಿಪೊದಲ್ಲೇ ಡೀಸೆಲ್ ಹಾಕಿಸಿಕೊಳ್ಳುತ್ತಿದ್ದವು, ಅದು ಅಲ್ಲಿಯ ಲೆಕ್ಕಕ್ಕೇ ಹೋಗುತ್ತಿತ್ತು. ಸೇರಿಸಿದಾಗ ಗ ಡಿಪೊದ ಬಳಕೆ 2,040 ಲೀಟರಿಗೆ ಏರಿತು, ಅಂಕ 0.980ಕ್ಕೆ ಇಳಿಯಿತು. ಟ ಡಿಪೊದಲ್ಲಿ ಒಂದು ಅಂಕಿಯೂ ಬದಲಾಗದೆ ಅದರ ಅಂಕ 0.935ರಿಂದ 0.952ಕ್ಕೆ ಏರಿತು. ಇಲ್ಲದ ಮಿತವ್ಯಯದೊಂದಿಗೆ ಹೋಲಿಸಿ ನಾನು ಆ ಡಿಪೊದವರಿಗೆ ಅನ್ಯಾಯ ಮಾಡಿದ್ದೆ. ಸರಾಸರಿಯಲ್ಲಿ ಒಂದು ತಪ್ಪು ಅಂಕಿ ಹಂಚಿ ಹೋಗುತ್ತದೆ, ಇಲ್ಲಿ ಹಾಗಲ್ಲ. 1 ಪಡೆದ ಡಿಪೊದ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ಮಾದರಿಯಾಗಿ ಪಡೆದ ಪ್ರತಿಯೊಂದರ ಅಂಕವೂ ಕೆಡುತ್ತದೆ. ಅಲ್ಲಿಂದ ಮುಂದೆ 1 ಪಡೆದ ಡಿಪೊಗಳನ್ನು ಒಂದೊಂದಾಗಿ ತೆಗೆದು ಮತ್ತೆ ಲೆಕ್ಕ ಹಾಕುತ್ತಿದ್ದೆ. ಯಾವುದನ್ನು ತೆಗೆದರೆ ಉಳಿದವುಗಳ ಅಂಕ ಹೆಚ್ಚು ಜಿಗಿಯುತ್ತದೋ ಅದರ ದಾಖಲೆಯನ್ನು ಮೊದಲು ತೆರೆಯುತ್ತಿದ್ದೆ.

ಘಾಟಿಯ ಚ ಡಿಪೊಗೆ ಬಂದದ್ದು 0.867. ಅದರ ಮ್ಯಾನೇಜರ್ ಪಟ್ಟಿ ಹಿಡಿದು ನಮ್ಮ ಕಚೇರಿಗೇ ಬಂದರು. “ಮೇಡಂ, ಘಾಟಿ ಹತ್ತುವ ಬಸ್ಸಿಗೆ ಡೀಸೆಲ್ ಹೆಚ್ಚು ಬೇಕಲ್ಲವೇ? ಅದಕ್ಕೂ ನಮ್ಮನ್ನೇ ದೂರಿದರೆ ಹೇಗೆ?” ಎಂದರು. ಅವರೆದುರೇ ತೂಕಗಳನ್ನು ತೆಗೆದು ನೋಡಿದೆ. ಡೀಸೆಲ್‌ನ ತೂಕ ಸೊನ್ನೆ, ಸಿಬ್ಬಂದಿಯದೂ ಸೊನ್ನೆ. ತನಗೆ ಅನುಕೂಲವಾದ ತೂಕ ಆರಿಸಿಕೊಳ್ಳುವ ಸ್ವಾತಂತ್ರ್ಯದಲ್ಲಿ ಅವರ ಡಿಪೊ ಅವೆರಡನ್ನೂ ಕೈಬಿಟ್ಟು ಬಸ್ಸುಗಳನ್ನಷ್ಟೇ ಹಿಡಿದುಕೊಂಡಿತ್ತು. ಕ ಡಿಪೊದ 26ನ್ನು ಅವರ 30ರಿಂದ ಭಾಗಿಸಿದರೆ 0.867, ಅಷ್ಟೇ ಆ ಅಂಕ. ಡೀಸೆಲ್‌ನ ವ್ಯತ್ಯಾಸ ಅದರೊಳಗೆ ಇರಲೇ ಇಲ್ಲ. ಮೂರೂ ಬಳಕೆಗಳನ್ನು 0.867ಕ್ಕೆ ಇಳಿಸಿದ ಮೇಲೂ ಕ ಡಿಪೊಗಿಂತ 167 ಲೀಟರು, 10 ಜನ ಹೆಚ್ಚು ಉಳಿಯುತ್ತಿದ್ದರು. ಆ ಉಳಿಕೆಯನ್ನು ಅಂಕ ತೋರಿಸುವುದಿಲ್ಲ, ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು.

“ಹಾಗಾದರೆ ಬಸ್ಸು ಹೆಚ್ಚು ಎನ್ನುತ್ತೀರಾ? ತಿರುವುಗಳಲ್ಲಿ ನಿಧಾನವಾಗಿ ಹೋಗಬೇಕು. ಒಂದು ಬಸ್ಸು ದಿನಕ್ಕೆ ಓಡುವುದೇ ಕಡಿಮೆ” ಎಂದು ಅವರು ಕೇಳಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸರಿ. ಕ ಡಿಪೊದ ಬಸ್ಸು ದಿನಕ್ಕೆ 385 ಕಿ.ಮೀ. ಓಡಿದರೆ ಇವರದು 333. ಅದರಲ್ಲಿ ರಸ್ತೆಯ ಪಾಲೆಷ್ಟು, ದುರಸ್ತಿಗೆ ನಿಂತ ಬಸ್ಸುಗಳ ಪಾಲೆಷ್ಟು ಎಂಬುದನ್ನು ಈ ಲೆಕ್ಕ ಬಿಡಿಸಿ ಹೇಳುವುದಿಲ್ಲ.

ಮುಂದಿನ ತಿಂಗಳು ನಿಯಮ ಬದಲಿಸಿದೆ. ಘಾಟಿಯ ಡಿಪೊಗಳನ್ನು ಘಾಟಿಯ ಡಿಪೊಗಳೊಂದಿಗೆ ಮಾತ್ರ ಹೋಲಿಸುವುದು. ಬಯಲಿನವುಗಳನ್ನು ಎಲ್ಲದರೊಂದಿಗೆ, ಏಕೆಂದರೆ ಕಷ್ಟದ ರಸ್ತೆಯಲ್ಲಿ ಕಡಿಮೆ ಖರ್ಚಿನಲ್ಲಿ ಓಡಿಸಿದವರು ಬಯಲಿನವರಿಗೂ ಮಾದರಿಯಾಗಬಲ್ಲರು. ಘಾಟಿಯ ಡಿಪೊಗಳಿದ್ದದ್ದು ಐದೇ. ಮೂರು ಬಳಕೆಗಳನ್ನು ಇಟ್ಟುಕೊಂಡರೆ ಐದರಲ್ಲಿ ನಾಲ್ಕಕ್ಕೆ 1 ಬಂತು, ಆ ಅಂಕದಿಂದ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಆ ಐದಕ್ಕೆ ಸಿಬ್ಬಂದಿ ಮತ್ತು ಡೀಸೆಲ್ ಮಾತ್ರ ಉಳಿಸಿಕೊಂಡು, ದುರಸ್ತಿಗೆ ನಿಂತ ಬಸ್ಸುಗಳ ಸಂಖ್ಯೆಯನ್ನು ಅಂಕದ ಪಕ್ಕದಲ್ಲಿ ಹಾಗೆಯೇ ಅಚ್ಚು ಹಾಕಿಸಿದೆ. ಚ ಡಿಪೊದ ಸಾಲಿನಲ್ಲಿ ಆ ಸಂಖ್ಯೆ 3 ಇತ್ತು.