ಮೊದಲ ತಪ್ಪಿಗೇ ಕೆಲಸ ಹೋಗಬಹುದೇ? ಇಂಗ್ಲೆಂಡಿಗೆ ಹೊರಟಿರುವ ನಮ್ಮವರಿಗೆ

ಪ್ರತಿ ವರ್ಷ ರಜೆಯಲ್ಲಿ ಹನುಮಂತನಗರದ ಮನೆಗೆ ಬಂದಾಗ ಅಕ್ಕಪಕ್ಕದವರ ಮಕ್ಕಳು ಇಂಗ್ಲೆಂಡಿನ ಕೆಲಸದ ಬಗ್ಗೆ ವಿಚಾರಿಸಲು ಬರುತ್ತಾರೆ. ಈ ಸಲ ಬಂದವರಲ್ಲಿ ಒಬ್ಬ ಹುಡುಗ, “ಅಂಕಲ್, ಮೊದಲನೇ ಸಲ ತಪ್ಪು ಮಾಡಿದರೆ ಮೆಮೊ ಕೊಟ್ಟು ಬಿಡುತ್ತಾರಲ್ಲವೇ?” ಎಂದು ಕೇಳಿದ. ನಾನೂ ಹಾಗೆಯೇ ನಂಬಿಕೊಂಡು ವಿಮಾನ ಹತ್ತಿದವನು. ಆ ನಂಬಿಕೆಯಿಂದ ನನ್ನ ಕೆಲಸಕ್ಕೆ ಕುತ್ತು ಬಂತು, ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದವನೊಬ್ಬನ ಕೆಲಸ ಹೋಗಿಯೇ ಹೋಯಿತು.

ಈ ನಂಬಿಕೆ ನನಗೆ ಬಂದದ್ದು ಅಪ್ಪನಿಂದ. ಅವರು ದುಡಿಯುತ್ತಿದ್ದ ಬೆಂಗಳೂರಿನ ಕಾರ್ಖಾನೆಯಲ್ಲಿ ಅವರ ಜೊತೆಗಾರರೊಬ್ಬರು ಸಿಟ್ಟಿನ ಭರದಲ್ಲಿ ಸೂಪರ್‌ವೈಸರಿಗೆ ಕೆಟ್ಟ ಮಾತು ಬೈದು ವಜಾ ಆಗಿದ್ದರು. ಲೇಬರ್ ಕೋರ್ಟು ಅವರ ಹಿಂದಿನ ಶುದ್ಧ ದಾಖಲೆಯನ್ನು ನೋಡಿ, ತಪ್ಪು ನಡೆದದ್ದು ನಿಜವಾದರೂ ಶಿಕ್ಷೆ ಅತಿಯಾಯಿತೆಂದು ಹೇಳಿ, ಎರಡು ಇನ್‌ಕ್ರಿಮೆಂಟ್ ತಡೆಹಿಡಿದು ಕೆಲಸಕ್ಕೆ ವಾಪಸ್ ಕಳಿಸಿತು. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ಸೇರಿಸಿದ 11ಎ ಕಲಂ ಆ ಅಧಿಕಾರವನ್ನು ಕೊಟ್ಟಿತ್ತು: ಆಡಳಿತ ವರ್ಗ ವಿಧಿಸಿದ ಶಿಕ್ಷೆಯನ್ನು ತೆಗೆದುಹಾಕಿ, ತನಗೆ ತಕ್ಕುದೆಂದು ತೋರಿದ ಕಡಿಮೆ ಶಿಕ್ಷೆಯನ್ನು ನ್ಯಾಯಾಲಯವೇ ವಿಧಿಸಬಹುದಾಗಿತ್ತು. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಕೇಳಿ ಬೆಳೆದ ಕಥೆ ಅದು.

ಇಂಗ್ಲೆಂಡಿನಲ್ಲಿ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್ ಕೇಳುವ ಪ್ರಶ್ನೆಯೇ ಬೇರೆ. ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಅದು ಕೇಳಿಕೊಳ್ಳುವುದಿಲ್ಲ, ‘ವಿವೇಕಿಯಾದ ಯಾವ ಮಾಲೀಕನಾದರೂ ಇಂಥ ನಿರ್ಧಾರಕ್ಕೆ ಬರಲು ಸಾಧ್ಯವಿತ್ತೇ’ ಎಂದಷ್ಟೇ ಕೇಳುತ್ತದೆ. ಒಂದೇ ತಪ್ಪಿಗೆ ಒಬ್ಬ ಮಾಲೀಕ ಕೊನೆಯ ಎಚ್ಚರಿಕೆ ಕೊಡಬಹುದು, ಇನ್ನೊಬ್ಬ ವಜಾ ಮಾಡಬಹುದು, ಇಬ್ಬರೂ ವಿವೇಕದ ಮೇರೆಯೊಳಗೇ ಇರಬಹುದು. ನಿಮ್ಮ ಮಾಲೀಕ ಆ ಮೇರೆಯೊಳಗಿದ್ದರೆ, ಶಿಕ್ಷೆ ಕಠಿಣವಾಯಿತೆಂದು ನ್ಯಾಯಾಧೀಶರಿಗೇ ಅನ್ನಿಸಿದರೂ ನೀವು ಸೋಲುತ್ತೀರಿ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟಿನ 98(4)ನೇ ಕಲಮನ್ನು ನ್ಯಾಯಾಲಯಗಳು ಓದುವ ರೀತಿ ಇದು. ಹೀಗಾಗಿ ಶಿಕ್ಷೆಯ ಪ್ರಮಾಣದ ಬಗ್ಗೆ ನೀವು ಆಡಬೇಕಾದ ಮಾತೆಲ್ಲವನ್ನೂ ಕಂಪನಿಯೊಳಗಿನ ವಿಚಾರಣೆ ಮತ್ತು ಮೇಲ್ಮನವಿಯಲ್ಲೇ ಆಡಬೇಕು.

ಇನ್ನು ಮೊದಲ ತಪ್ಪಿನ ವಿಷಯ. ಏಕಾಸ್ ಎಂಬ ಸರ್ಕಾರಿ ಅನುದಾನದ ಸ್ವತಂತ್ರ ಸಂಸ್ಥೆಯ ಸಂಹಿತೆಯ ಪ್ರಕಾರ ಸಾಮಾನ್ಯ ತಪ್ಪಿಗೆ ಮೊದಲು ಲಿಖಿತ ಎಚ್ಚರಿಕೆ, ಅದು ಮರುಕಳಿಸಿದರೆ ಕೊನೆಯ ಎಚ್ಚರಿಕೆ, ಆಮೇಲೆ ವಜಾ. ಆದರೆ ಕಳವು, ವಂಚನೆ, ಹೊಡೆದಾಟ, ಘೋರ ನಿರ್ಲಕ್ಷ್ಯದಂಥ ‘ಗ್ರಾಸ್ ಮಿಸ್‌ಕಂಡಕ್ಟ್’ ಆಗಿದ್ದರೆ ಮೊದಲ ಸಲಕ್ಕೇ, ನೋಟಿಸ್ ಅವಧಿಯೂ ಇಲ್ಲದೆ, ಕೆಲಸದಿಂದ ತೆಗೆಯಬಹುದು. ಆಗಲೂ ತನಿಖೆ ಮತ್ತು ವಿಚಾರಣೆ ಕ್ರಮಬದ್ಧವಾಗಿ ನಡೆಯಲೇಬೇಕು.

ನನ್ನ ಪ್ರಸಂಗವನ್ನು ಹೇಳುತ್ತೇನೆ. ದೊಡ್ಡದೊಂದು ಗೋದಾಮಿನಲ್ಲಿ ರಾತ್ರಿ ಪಾಳಿ, ನನಗೆ ನಾಲ್ಕು ವರ್ಷದ ಸರ್ವಿಸ್, ಒಂದೂ ಕಪ್ಪುಚುಕ್ಕೆ ಇರಲಿಲ್ಲ. ನನ್ನ ಜೊತೆ ಒಂದೇ ಮನೆಯಲ್ಲಿದ್ದ ಹಾಸನದ ಹುಡುಗ ಏಳು ತಿಂಗಳ ಹಿಂದೆ ಅದೇ ಗೋದಾಮಿಗೆ ಸೇರಿದ್ದ. ಒಂದು ರಾತ್ರಿ ಅವನಿದ್ದ ರೈಲು ನಡುದಾರಿಯಲ್ಲಿ ನಿಂತಿತು. “ಅಣ್ಣಾ, ನನ್ನ ಕಾರ್ಡು ಬಾಗಿಲ ಮೊಳೆಯಲ್ಲಿದೆ, ತಗೊಂಡುಹೋಗಿ ಒಂದು ಸಲ ಒತ್ತಿಬಿಡಿ” ಎಂದು ಫೋನ್ ಮಾಡಿದ. ನನ್ನ ಕಾರ್ಡಿನ ಹಿಂದೆಯೇ ಅವನದನ್ನೂ ಒತ್ತಿದೆ. ಅವನು ಬಂದದ್ದು ಮೂವತ್ತೈದು ನಿಮಿಷ ತಡವಾಗಿ. ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗಿದಷ್ಟೇ ಸಹಜವಾಗಿ ಮಾಡಿದ್ದೆ.

ತನಿಖೆಯ ದಿನ ಮ್ಯಾನೇಜರ್ ಒಂದು ಹಾಳೆಯನ್ನು ನನ್ನತ್ತ ತಿರುಗಿಸಿದರು. ಅದರಲ್ಲಿ ನನ್ನ ಸಮಯ 21:56:12, ಅವನದು 21:56:19. ಏಳು ಸೆಕೆಂಡಿನ ಆ ಅಂತರದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ನಾನು, ಯಂತ್ರದ ದೋಷವಿರಬಹುದು ಎಂದೆ. ಆ ಒಂದು ಸುಳ್ಳು ಕಾರ್ಡು ಒತ್ತಿದ್ದಕ್ಕಿಂತ ದೊಡ್ಡ ಆರೋಪವಾಗಿ ಬೆಳೆಯಿತು. ಅರ್ಧ ಗಂಟೆಯ ಕೂಲಿಯನ್ನು ಕಂಪನಿ ನುಂಗಿಕೊಳ್ಳಬಹುದು, ಆದರೆ ಕೇಳಿದಾಗ ನಿಜ ಹೇಳದವನನ್ನು ಮುಂದೆ ಹೇಗೆ ನಂಬುವುದು ಎಂಬುದೇ ಅವರ ವಾದವಾಯಿತು. ಇನ್ನೊಂದು ಸಂಗತಿ ನನ್ನ ತಲೆಗೆ ಹೊಳೆದೇ ಇರಲಿಲ್ಲ: ಬೆಂಕಿ ಬಿದ್ದರೆ ಒಳಗೆ ಯಾರು ಉಳಿದಿದ್ದಾರೆಂದು ಎಣಿಸುವುದು ಅದೇ ಕಾರ್ಡಿನ ಪಟ್ಟಿಯಿಂದ. ಅಲ್ಲಿಲ್ಲದ ಮನುಷ್ಯನನ್ನು ಹುಡುಕುತ್ತಾ ಯಾರೋ ಹೊಗೆಯೊಳಗೆ ನುಗ್ಗಬಹುದಿತ್ತು. ತಪ್ಪಿನ ತೂಕವನ್ನು ಬರೀ ಹಣದಲ್ಲಿ ಅಳೆದದ್ದು ನನ್ನ ದೊಡ್ಡ ಮೂಢತನ.

ಎರಡನೇ ಸಭೆಯಲ್ಲಿ ಒಪ್ಪಿಕೊಂಡೆ. ಇಬ್ಬರೂ ವಜಾ ಆದೆವು.

ಮೇಲ್ಮನವಿಯಲ್ಲಿ ನನ್ನ ಪರವಾಗಿ ಯೂನಿಯನ್ ಪ್ರತಿನಿಧಿ ಇಟ್ಟ ವಿಷಯಗಳನ್ನು ಗಮನವಿಟ್ಟು ಓದಿ. ನಾಲ್ಕು ವರ್ಷದ ಶುದ್ಧ ದಾಖಲೆ ಒಂದು. ಇನ್ನೊಬ್ಬರ ಕಾರ್ಡು ಒತ್ತುವುದು ವಜಾ ಆಗುವಂಥ ತಪ್ಪೆಂದು ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ ಎಂಬುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ವರ್ಷ ಇದೇ ತಪ್ಪು ಮಾಡಿದ್ದ ಇಬ್ಬರು ಎಚ್ಚರಿಕೆಯಲ್ಲೇ ಪಾರಾಗಿದ್ದರು. ಪರಿಸ್ಥಿತಿ ನಿಜವಾಗಿಯೂ ಒಂದೇ ಆಗಿದ್ದಾಗ ಮಾತ್ರ ಈ ಹೋಲಿಕೆಗೆ ಬೆಲೆ, ಅವರೂ ಸುಳ್ಳು ಹೇಳಿದ್ದರೇ ಎಂದು ಮೇಲ್ಮನವಿ ಕೇಳಿದವರು ಕೆದಕಿದರು. ಒಬ್ಬ ಹೇಳಿದ್ದ. ಆಮೇಲೆ ಅವರು, ಆ ವಾರ ನಿಮಗೆ ಬೇರೆ ಏನಾದರೂ ಒತ್ತಡವಿತ್ತೇ ಎಂದು ಕೇಳಿದರು. ಅಪ್ಪ ಆಗ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದರು, ನಾನು ಮೂರು ದಿನ ಸರಿಯಾಗಿ ಮಲಗಿರಲಿಲ್ಲ. ಮನೆಯ ಕಷ್ಟವನ್ನು ಆಫೀಸಿನಲ್ಲಿ ತೋಡಿಕೊಳ್ಳಬಾರದೆಂದು ಬೆಳೆದವರು ನಾವು, ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಅಲ್ಲಿ ಅದನ್ನು ಗೋಗರೆತವೆಂದು ಯಾರೂ ತಿಳಿಯುವುದಿಲ್ಲ, ಶಿಕ್ಷೆಯನ್ನು ತೂಗುವಾಗ ತಕ್ಕಡಿಗೆ ಹಾಕಲೇಬೇಕಾದ ಸಂಗತಿ ಅದು. ಗ್ರಾಸ್ ಮಿಸ್‌ಕಂಡಕ್ಟ್ ಎಂದು ಸಾಬೀತಾದ ಮಾತ್ರಕ್ಕೆ ವಜಾ ತಾನಾಗಿಯೇ ನ್ಯಾಯವಾಗುವುದಿಲ್ಲ, ಇಂಥ ಸಂಗತಿಗಳನ್ನೂ ಪರಿಗಣಿಸಬೇಕು ಎಂದು ಅಲ್ಲಿನ ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯೂನಲ್ 2013ರಲ್ಲಿ, ಅನಾರೋಗ್ಯದ ರಜೆಯ ಸಂಬಳ ಪಡೆಯುತ್ತಾ ಖಾಸಗಿ ರೋಗಿಗಳನ್ನು ನೋಡಿದ್ದ ವೈದ್ಯರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನನ್ನ ವಜಾ ಹನ್ನೆರಡು ತಿಂಗಳ ಕೊನೆಯ ಎಚ್ಚರಿಕೆಗೆ ಇಳಿಯಿತು.

ಕಾಗದಪತ್ರದ ಮಾತು ಚುಟುಕಾಗಿ: ಕೈಪಿಡಿಯ ಪ್ರತಿ ಇಟ್ಟುಕೊಳ್ಳಿ, ಶಿಸ್ತು ವಿಚಾರಣೆಗೆ ಸಹೋದ್ಯೋಗಿಯನ್ನೋ ಯೂನಿಯನ್ನಿನವರನ್ನೋ ಕರೆದೊಯ್ಯುವುದು ನಿಮ್ಮ ಹಕ್ಕು, ಪ್ರಾಯೋಜಿತ ವೀಸಾದವರಿಗೆ ಕೆಲಸ ಹೋದರೆ ಬೇರೆ ಪ್ರಾಯೋಜಕರನ್ನು ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಸಾಮಾನ್ಯವಾಗಿ 60 ದಿನವಷ್ಟೇ ಗಡುವು.

ಹಾಸನದ ಹುಡುಗನ ಮೇಲ್ಮನವಿ ಬಿದ್ದುಹೋಯಿತು. ಎರಡು ವರ್ಷ ತುಂಬದವರು ಅನ್ಯಾಯದ ವಜಾ ಎಂದು ಟ್ರಿಬ್ಯೂನಲ್ಲಿಗೆ ಹೋಗುವಂತಿರಲಿಲ್ಲ, ಹಾಗಾಗಿ ಶಿಕ್ಷೆ ತಪ್ಪಿಗೆ ತಕ್ಕುದೇ ಎಂದು ಹೊರಗಿನ ಯಾರೂ ಅವನ ಪಾಲಿಗೆ ಕೇಳಲೇ ಇಲ್ಲ. (ಆ ಅವಧಿಯನ್ನು ಆರು ತಿಂಗಳಿಗೆ ಇಳಿಸುವ ಕಾನೂನು 2025ರಲ್ಲಿ ಆಗಿದೆ. ನೀವು ಸೇರುವ ಹೊತ್ತಿಗೆ ಯಾವುದು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ.) ಹೆಂಡತಿಯನ್ನೂ, ಅಲ್ಲಿನ ಶಾಲೆಗೆ ಆಗತಾನೆ ಒಗ್ಗಿಕೊಂಡಿದ್ದ ಮಗಳನ್ನೂ ಕರೆದುಕೊಂಡು ಅವನು ಊರಿಗೆ ಮರಳಿದ. ನನ್ನ ಮಕ್ಕಳು ಅಲ್ಲೇ ಬೆಳೆದರು, ಅವಳನ್ನು ನೆನೆಸಿಕೊಂಡು ಬಹಳ ದಿನ ಕೇಳುತ್ತಿದ್ದರು.

ಈಗ ಅವನು ಬೆಂಗಳೂರಿನಲ್ಲೇ ಇದ್ದಾನೆ. ಹೋದ ವಾರ ಗಾಂಧಿ ಬಜಾರಿನಲ್ಲಿ ಸಿಕ್ಕಾಗ ಕಾಫಿ ಕುಡಿಯುತ್ತಾ, “ಅಣ್ಣಾ, ಮೊದಲ ದಿನವೇ ನೀವು ನಿಜ ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತಾ?” ಎಂದು ಕೇಳಿದ. ನನ್ನ ಶಿಕ್ಷೆ ಇನ್ನಷ್ಟು ಹಗುರವಾಗುತ್ತಿತ್ತು, ಆದರೆ ನಿನ್ನನ್ನು ತೆಗೆದದ್ದು ಆಗಲೂ ಅವರ ವಿವೇಕದ ಮೇರೆಯೊಳಗೇ ಇರುತ್ತಿತ್ತು ಎಂದು ಹೇಳಿದೆ. ಅವನು ತಲೆಯಾಡಿಸಿ, ಮಗಳು ಈ ವರ್ಷ ಪಿಯುಸಿ ಎಂದ.