ಕೊನೆಯ ಕ್ಲಿಕ್ಕಿಗೆ ಎಲ್ಲ ಶ್ರೇಯ: ತೊಗರಿ ಬೇಳೆ ಜಾಹೀರಾತಿನಲ್ಲಿ ನನ್ನ ಅನುಭವ

ಕಲಬುರಗಿಯ ಒಂದು ದಾಲ್ ಮಿಲ್‌ನವರು ತಮ್ಮದೇ ಹೆಸರಲ್ಲಿ ತೊಗರಿ ಬೇಳೆಯನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅವರ ಜಾಹೀರಾತು ನೋಡಿಕೊಳ್ಳುವುದು ನನ್ನ ಕೆಲಸ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಮೇಲೆ ಹೊರಗಿನ ಊರುಗಳಲ್ಲೂ ಕೇಳುವವರಿದ್ದಾರೆ. ತಿಂಗಳಿಗೆ ಸುಮಾರು 400 ಆರ್ಡರ್, ಅದರಲ್ಲಿ ಅರ್ಧ ಬೆಂಗಳೂರಿನದು. ಜಾಹೀರಾತಿನ ಬಜೆಟ್ 60,000 ರೂಪಾಯಿ. ಅದರಲ್ಲಿ 30,000 ಇನ್‌ಸ್ಟಾಗ್ರಾಂ ರೀಲ್ ಮತ್ತು ಯೂಟ್ಯೂಬ್ ವಿಡಿಯೋಗೆ, 18,000 ಗೂಗಲ್‌ನಲ್ಲಿ ನಮ್ಮ ಬ್ರಾಂಡ್ ಹೆಸರನ್ನೇ ಹುಡುಕುವವರಿಗೆ ತೋರಿಸುವ ಜಾಹೀರಾತಿಗೆ, ಉಳಿದ 12,000 ‘ತೊಗರಿ ಬೇಳೆ ಆನ್‌ಲೈನ್’ ಥರದ ಸಾಮಾನ್ಯ ಹುಡುಕಾಟಕ್ಕೆ.

ಒಂದು ತಿಂಗಳು ಮಾಲೀಕರು ಆ್ಯನಲಿಟಿಕ್ಸ್ ವರದಿಯನ್ನು ಪ್ರಿಂಟ್ ಹಾಕಿಸಿ ಮುಂದಿಟ್ಟರು. ಅದು ಕೊನೆಯ ಕ್ಲಿಕ್ಕಿನ ಲೆಕ್ಕ: ಗಿರಾಕಿ ಕೊನೆಗೆ ಯಾವ ಲಿಂಕ್ ಒತ್ತಿ ಒಳಗೆ ಬಂದು ಕೊಂಡರೋ, ಇಡೀ ಆರ್ಡರ್‌ನ ಶ್ರೇಯ ಅದಕ್ಕೇ. ಆ ಪ್ರಕಾರ ಬ್ರಾಂಡ್ ಹೆಸರಿನ ಜಾಹೀರಾತು 210 ಆರ್ಡರ್ ತಂದಿತ್ತು, ಒಂದಕ್ಕೆ 86 ರೂಪಾಯಿ. ವಿಡಿಯೋ ತಂದದ್ದು 25, ಒಂದಕ್ಕೆ 1,200 ರೂಪಾಯಿ. ಮಾಲು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಒಂದು ಆರ್ಡರ್‌ನಲ್ಲಿ ಕೈಗೆ ಉಳಿಯುವುದೇ 250 ರೂಪಾಯಿ.

“ನೋಡ್ರಿ, ವಿಡಿಯೋದಾಗ ರೊಕ್ಕ ಸುಮ್ಮ ಹೋಗ್ಲಾಕತ್ತದ. ಬಂದ್ ಮಾಡಿ ಎಲ್ಲಾ ಗೂಗಲ್ಲಿಗೆ ಹಾಕ್ರಿ,” ಅಂದರು.

“ಸಾವ್ಕಾರ್ರ, ನಮ್ಮ ಹೆಸರು ಟೈಪ್ ಮಾಡಿದವರಿಗೆ ನಮ್ಮ ಹೆಸರು ಮೊದಲು ಹ್ಯಾಂಗ ಗೊತ್ತಾಯ್ತು, ಅದನ್ನ ಈ ಕಾಗದ ಹೇಳಂಗಿಲ್ರಿ,” ಅಂದೆ.

ಬ್ರಾಂಡ್ ಹೆಸರಿನ ಜಾಹೀರಾತು ಅಂದರೆ, ಅಂಗಡಿ ಮೆಟ್ಟಿಲು ಹತ್ತುತ್ತಿರುವವರ ಕೈಗೆ ಅದೇ ಅಂಗಡಿಯ ಪಾಂಪ್ಲೆಟ್ ಕೊಟ್ಟ ಹಾಗೆ. ಪಾಂಪ್ಲೆಟ್ ಹಿಡಿದು ಒಳಗೆ ಬಂದವರನ್ನು ಎಣಿಸಿದರೆ ಹಂಚುವ ಹುಡುಗನೇ ಎಲ್ಲ ವ್ಯಾಪಾರ ತಂದ ಹಾಗೆ ಕಾಣುತ್ತದೆ.

ಆ ತಿಂಗಳ ಒಂದು ಆರ್ಡರ್‌ನ ದಾರಿ ಹೇಳುತ್ತೇನೆ. ಮೈಸೂರಿನಿಂದ ಒಬ್ಬ ಗೃಹಿಣಿ ಹಣ ಕಟ್ಟುವ ಮುಂಚೆ ಫೋನ್ ಮಾಡಿದ್ದರು: “ವಿಡಿಯೋದಲ್ಲಿ ಒಬ್ರು ಅಜ್ಜಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸ್ತಾರಲ್ಲ, ಅದೇ ಬೇಳೆನಾ ಇದು?” ಆ ರೀಲ್ ನಮ್ಮದೇ. ಅವರು ಅದನ್ನು ನೋಡಿದ್ದರು, ಒತ್ತಿರಲಿಲ್ಲ. ಮನೆಯ ಬೇಳೆ ಮುಗಿಯುತ್ತ ಬಂದಾಗ ಹೆಸರು ನೆನಪಿಸಿಕೊಂಡು ಗೂಗಲ್‌ನಲ್ಲಿ ಟೈಪ್ ಮಾಡಿದರು, ಮೇಲೆ ಕಂಡ ನಮ್ಮ ಜಾಹೀರಾತು ಒತ್ತಿದರು, ಐದು ಕಿಲೋ ಕೊಂಡರು. ಆ್ಯನಲಿಟಿಕ್ಸ್‌ನಲ್ಲಿ ಈ ಆರ್ಡರ್‌ಗೆ ಒಂದೇ ಹೆಜ್ಜೆ ಇದೆ, ಅದು ಬ್ರಾಂಡ್ ಜಾಹೀರಾತು. ರೀಲ್‌ನ ಲಿಂಕಿಗೆ ನಾನು, ಗಿರಾಕಿ ಎಲ್ಲಿಂದ ಬಂದರು ಎಂದು ಆ್ಯನಲಿಟಿಕ್ಸ್‌ಗೆ ಹೇಳುವ ಈ ಬಾಲ ಅಂಟಿಸಿಯೇ ಇಟ್ಟಿದ್ದೆ:

```
?utm_source=instagram&utm_medium=paid_social&utm_campaign=ajji_reel
```

ಆದರೆ ಇದು ಕೆಲಸ ಮಾಡುವುದು ಯಾರಾದರೂ ಲಿಂಕ್ ಒತ್ತಿದರೆ ಮಾತ್ರ. ನೋಡಿ ಮುಂದೆ ಸರಿಸಿದವರ ಗುರುತು ಇದರಲ್ಲಿ ಉಳಿಯುವುದಿಲ್ಲ.

‘ಹಾಗಾದರೆ ಶ್ರೇಯ ಹಂಚಲು ಬೇರೆ ಮಾಡೆಲ್ ಬಳಸಿ’ ಎಂದು ಸಲಹೆ ಕೊಡುವವರು ಬಹಳ. ಮೊದಲ ಕ್ಲಿಕ್ಕಿಗೆ ಕೊಡುವುದು, ಎಲ್ಲರಿಗೂ ಸಮ ಹಂಚುವುದು, ಕೊನೆಗೆ ಹತ್ತಿರವಾದಷ್ಟೂ ಹೆಚ್ಚು ಕೊಡುವುದು, ಇಂಥವೆಲ್ಲ ಗೂಗಲ್‌ನಲ್ಲಿ ಇದ್ದವು. 2023ರಲ್ಲಿ ಅವನ್ನು ತೆಗೆದುಹಾಕಿದರು. ಈಗ ಉಳಿದಿರುವುದು ಕೊನೆಯ ಕ್ಲಿಕ್ ಮತ್ತು ಖಾತೆಯ ಅಂಕಿಅಂಶ ನೋಡಿ ಹೆಜ್ಜೆಗಳಿಗೆ ಶ್ರೇಯ ಹಂಚುವ ಡೇಟಾ-ಡ್ರಿವನ್. ಡೇಟಾ-ಡ್ರಿವನ್ ಕೊನೆಯ ಕ್ಲಿಕ್ಕಿಗಿಂತ ವಾಸಿ, ಅದರಲ್ಲಿ ಅನುಮಾನವಿಲ್ಲ. ಆದರೂ ಅದು ಹಂಚುವುದು ತನ್ನ ಕಣ್ಣಿಗೆ ಬಿದ್ದ ಹೆಜ್ಜೆಗಳ ನಡುವೆ ಮಾತ್ರ. ಆ ಗೃಹಿಣಿಯ ಆರ್ಡರ್‌ನಲ್ಲಿ ಕಂಡದ್ದು ಒಂದೇ ಹೆಜ್ಜೆ, ಹಂಚಲು ಇನ್ನೇನಿದೆ? ಇತ್ತ ಇನ್‌ಸ್ಟಾಗ್ರಾಂ ನಡೆಸುವ ಮೆಟಾದವರ ಡ್ಯಾಶ್‌ಬೋರ್ಡ್ ತೆರೆದರೆ ಲೆಕ್ಕ ಇನ್ನೊಂದು ದಿಕ್ಕಿಗೆ. ಅಲ್ಲಿ ಸಾಮಾನ್ಯವಾಗಿ ಕ್ಲಿಕ್ ಮಾಡಿ 7 ದಿನದೊಳಗೆ ಅಥವಾ ನೋಡಿ 1 ದಿನದೊಳಗೆ ಕೊಂಡರೆ ಆರ್ಡರ್ ತಮ್ಮದೇ ಅನ್ನುತ್ತಾರೆ. ಗೂಗಲ್ ಹೇಳಿದ್ದು, ಮೆಟಾ ಹೇಳಿದ್ದು ಎರಡೂ ಕೂಡಿಸಿದರೆ ನಮ್ಮ ಆರ್ಡರ್ ಪುಸ್ತಕಕ್ಕಿಂತ ಹೆಚ್ಚಾಗುತ್ತದೆ. ಅದಕ್ಕೇ ಮಾಡೆಲ್ ಬದಲಿಸುವ ಗೋಜಿಗೆ ಹೋಗದೆ, ಕೆಲವು ಊರುಗಳಲ್ಲಿ ಜಾಹೀರಾತು ನಿಲ್ಲಿಸಿ ಏನಾಗುತ್ತದೆ ನೋಡೋಣ ಎಂದೆ.

ಈ ದಾರಿ ಹೊಸದಲ್ಲ. ಇಬೇ ಕಂಪನಿ 2012ರಲ್ಲಿ ಅಮೆರಿಕದಲ್ಲಿ ಯಾಹೂ ಮತ್ತು ಎಂಎಸ್‌ಎನ್ ಹುಡುಕಾಟದಲ್ಲಿ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿ ನೋಡಿತ್ತು. ಹಾಗೆ ಕೈಬಿಟ್ಟ ಕ್ಲಿಕ್ಕುಗಳಲ್ಲಿ ಶೇ 99.5ರಷ್ಟು ಕೆಳಗಿನ ಪುಕ್ಕಟೆ ಲಿಂಕಿನಿಂದಲೇ ವಾಪಸ್ ಬಂದವು. ಆದರೆ ಇಬೇ ಹೆಸರು ಜಗತ್ತಿಗೇ ಗೊತ್ತು, ನಮ್ಮ ಬೇಳೆಯ ಹೆಸರು ಹಾಗಲ್ಲ. ನಮ್ಮ ಉತ್ತರ ನಾವೇ ಹುಡುಕಬೇಕಿತ್ತು.

ಮೈಸೂರು, ದಾವಣಗೆರೆ, ಬೆಳಗಾವಿ ಒಂದು ಗುಂಪು, ಇಲ್ಲಿ ನಿಲ್ಲಿಸುವುದು. ಹುಬ್ಬಳ್ಳಿ-ಧಾರವಾಡ, ಮಂಗಳೂರು, ತುಮಕೂರು ಇನ್ನೊಂದು. ಇಲ್ಲಿ ಏನನ್ನೂ ಮುಟ್ಟುವುದಿಲ್ಲ. ಹಿಂದಿನ ತಿಂಗಳುಗಳ ಆರ್ಡರ್ ತೆಗೆದು ನೋಡಿದರೆ ಎರಡೂ ಗುಂಪು ಜೊತೆಯಲ್ಲೇ ಏರಿ ಇಳಿಯುತ್ತಿದ್ದವು. ಇದನ್ನು ನೋಡದೆ ಊರು ಆರಿಸಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಗಂಜ್‌ಗೆ ಹೊಸ ತೊಗರಿ ಬಂದು ದರ ಅಲುಗಾಡುವ ಡಿಸೆಂಬರ್-ಜನವರಿಯನ್ನು ಬಿಟ್ಟೆವು. ಒಂದು ಊರಿಗೆ ಮಾತ್ರ ಆಫರ್ ಕೊಡಬಾರದು ಎಂದು ಮಾಲೀಕರಿಂದ ಮಾತು ತೆಗೆದುಕೊಂಡೆ. ಅವರು ಫೋನಿನಲ್ಲೇ ರಿಯಾಯಿತಿ ಕೊಟ್ಟುಬಿಡುವ ಸ್ವಭಾವದವರು. ಗೂಗಲ್ ಆ್ಯಡ್ಸ್‌ನಲ್ಲಿ ಊರು ಹೊರಗಿಟ್ಟರೂ ಜಾಹೀರಾತು ಅಲ್ಲಿ ಸೋರದಂತೆ, ಲೊಕೇಶನ್ ಸೆಟ್ಟಿಂಗ್‌ನಲ್ಲಿ ‘ಆಸಕ್ತಿ ಇರುವವರು’ ಎಂಬುದನ್ನು ತೆಗೆದು ‘ಅಲ್ಲಿ ಇರುವವರು’ ಎಂದು ಮಾತ್ರ ಇಟ್ಟೆ. ಆರ್ಡರ್ ಎಣಿಸಿದ್ದು ಯಾವ ಡ್ಯಾಶ್‌ಬೋರ್ಡಿನಿಂದಲೂ ಅಲ್ಲ, ಕೊರಿಯರ್ ಪಟ್ಟಿಯ ಪಿನ್‌ಕೋಡ್‌ನಿಂದ. ವಾಟ್ಸ್ಆ್ಯಪ್‌ನಲ್ಲಿ ಬಂದ ಆರ್ಡರ್‌ಗಳೂ ಅದರಲ್ಲಿ ಸಿಗುತ್ತವೆ.

ಮೊದಲು ಬ್ರಾಂಡ್ ಜಾಹೀರಾತನ್ನು ನಾಲ್ಕು ವಾರ ನಿಲ್ಲಿಸಿದೆವು. ಹಿಂದಿನ ನಾಲ್ಕು ವಾರ ಆ ಊರುಗಳಲ್ಲಿ 100 ಆರ್ಡರ್ ಬಂದಿದ್ದವು, ಮುಟ್ಟದ ಊರುಗಳಲ್ಲಿ 80. ನಿಲ್ಲಿಸಿದ ಅವಧಿಯಲ್ಲಿ ಮುಟ್ಟದ ಊರುಗಳಲ್ಲಿ 84 ಆದವು, ಅಂದರೆ ಮಾರುಕಟ್ಟೆಯೇ ಶೇ 5 ಏರಿತ್ತು. ಆ ಲೆಕ್ಕದಲ್ಲಿ ನಿಲ್ಲಿಸಿದ ಊರುಗಳಲ್ಲಿ 105 ಬರಬೇಕಿತ್ತು, ಬಂದದ್ದು 101. ಕೊನೆಯ ಕ್ಲಿಕ್ಕಿನ ವರದಿ ಈ ಊರುಗಳಲ್ಲಿ 52 ಆರ್ಡರ್‌ನ ಶ್ರೇಯವನ್ನು ಈ ಜಾಹೀರಾತಿಗೆ ಕೊಟ್ಟಿತ್ತು. ನಿಲ್ಲಿಸಿದರೆ ಹೋದದ್ದು ನಾಲ್ಕು. ಆ ನಾಲ್ಕನ್ನೂ ನಾನು ನಂಬುವುದಿಲ್ಲ. ನೂರು ಆರ್ಡರ್ ಬರುವ ಕಡೆ ಹತ್ತು ಹದಿನೈದು ಹೆಚ್ಚುಕಮ್ಮಿ ಆಗುವುದು ತಾನಾಗೇ ಇದ್ದದ್ದೇ. ನಿಜವೆಂದೇ ಹಿಡಿದರೂ, ಆ ಊರುಗಳಿಗೆ ಹಾಕುತ್ತಿದ್ದ 4,500 ರೂಪಾಯಿಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಆರ್ಡರ್‌ಗೆ 1,100ರ ಮೇಲೆ. 86 ಅಲ್ಲ.

ಅದನ್ನು ಮತ್ತೆ ಚಾಲೂ ಮಾಡಿ, ಕೆಲವು ವಾರ ಬಿಟ್ಟು, ಅದೇ ಊರುಗಳಲ್ಲಿ ವಿಡಿಯೋ ನಿಲ್ಲಿಸಿದೆ. ಮೊದಲೆರಡು ವಾರ ಏನೂ ಆಗಲಿಲ್ಲ. ಮಾಲೀಕರು ಖುಷಿಯಾಗಿ, “ನಾ ಹೇಳಿದ್ನಲ್ರಿ!” ಎಂದರು. ಬಹಳ ಮಂದಿ ಇಲ್ಲೇ ಪರೀಕ್ಷೆ ಮುಗಿಸಿ ವಿಡಿಯೋ ಬಂದ್ ಮಾಡುತ್ತಾರೆ. ಬೇಳೆ ದಿನಾ ಕೊಳ್ಳುವ ಮಾಲಲ್ಲ. ನಿಲ್ಲಿಸುವ ಮುಂಚೆ ನೋಡಿದವರು ಇನ್ನೂ ಕೊಳ್ಳುತ್ತಿರುತ್ತಾರೆ. ಹಾಗಾಗಿ ಆ ಎರಡು ವಾರವನ್ನು ಲೆಕ್ಕಕ್ಕೇ ಹಿಡಿಯದೆ, ನಂತರದ ನಾಲ್ಕು ವಾರ ಮಾತ್ರ ಎಣಿಸುವುದೆಂದು ಮೊದಲೇ ಬರೆದಿಟ್ಟಿದ್ದೆವು.

ಆ ನಾಲ್ಕು ವಾರದಲ್ಲಿ ಬರಬೇಕಾದದ್ದು 104, ಬಂದದ್ದು 68. ಮೂವತ್ತಾರು ಆರ್ಡರ್ ಹೋದವು. ಇದು ತಾನಾಗೇ ಆಗುವ ಹೆಚ್ಚುಕಮ್ಮಿಯ ಮಟ್ಟವನ್ನು ದಾಟಿದ್ದು. ಕೊನೆಯ ಕ್ಲಿಕ್ಕಿನ ಪ್ರಕಾರ ಈ ಊರುಗಳಲ್ಲಿ ವಿಡಿಯೋ ತರುತ್ತಿದ್ದದ್ದು ತಿಂಗಳಿಗೆ ಆರು ಆರ್ಡರ್. ಉಳಿತಾಯವಾದ 7,500 ರೂಪಾಯಿಯನ್ನು 36ರಿಂದ ಭಾಗಿಸಿದರೆ ಒಂದಕ್ಕೆ 208, ಅಂದರೆ 250ರ ಒಳಗೆ. ಮತ್ತೆ ಮತ್ತೆ ತರಿಸುವ ಗಿರಾಕಿಯಾದರೆ ಲಾಭ ಇನ್ನೂ ಹೆಚ್ಚು.

ಮಾಲೀಕರನ್ನು ಒಪ್ಪಿಸಿದ್ದು ಮಾತ್ರ ಈ ಭಾಗಾಕಾರ ಅಲ್ಲ, ಬ್ರಾಂಡ್ ಜಾಹೀರಾತಿನ ಲೊಕೇಶನ್ ವರದಿ. ಅದರ ಬಜೆಟ್ ಆಗಲಿ, ಕ್ಲಿಕ್ಕಿಗೆ ನಾವು ಕೂಗುವ ದರವಾದ ಬಿಡ್ ಆಗಲಿ, ಯಾವುದನ್ನೂ ನಾನು ಮುಟ್ಟಿರಲಿಲ್ಲ. ಆದರೂ ವಿಡಿಯೋ ನಿಲ್ಲಿಸಿದ ಊರುಗಳಲ್ಲಿ ಅದರ ಇಂಪ್ರೆಷನ್, ಅಂದರೆ ಜಾಹೀರಾತು ಎಷ್ಟು ಸಲ ಕಂಡಿತು ಎಂಬ ಲೆಕ್ಕ, ವಾರದಿಂದ ವಾರಕ್ಕೆ ಇಳಿಯಿತು, ಉಳಿದ ಊರುಗಳಲ್ಲಿ ಇದ್ದಂತೆಯೇ ಇತ್ತು. ಹೆಸರು ಟೈಪ್ ಮಾಡುವವರೇ ಕಡಿಮೆಯಾದರೆ ಜಾಹೀರಾತು ಯಾರಿಗೆ ತೋರಿಸುತ್ತದೆ? ಮಾಲೀಕರು ವರದಿಯ ಎರಡು ಗೆರೆಗಳನ್ನು ಬೆರಳಿನಿಂದ ತೋರಿಸಿ, “ಅಂದ್ರ ಇದು ಅದರ ಕೂಳು ಉಣ್ಲಾಕತ್ತಿತ್ತು,” ಎಂದರು.

ಹಾಗೆಂದು 18,000 ಪೂರ್ತಿ ಎತ್ತಿ ವಿಡಿಯೋಗೆ ಹಾಕಲಿಲ್ಲ. 208 ರೂಪಾಯಿ ಎಂಬುದು ಈವರೆಗೆ ಹಾಕಿದ ಹಣದ ಸರಾಸರಿ. ಅದೇ ಜನರಿಗೆ ಅದೇ ರೀಲ್ ಇನ್ನೊಮ್ಮೆ ತೋರಿಸಲು ಹಾಕುವ ಮುಂದಿನ ಸಾವಿರಕ್ಕೆ ಅಷ್ಟು ಆರ್ಡರ್ ಬರುವುದಿಲ್ಲ. ವಿಡಿಯೋಗೆ 6,000 ಹೆಚ್ಚಿಸಿದೆವು. ಬ್ರಾಂಡ್ ಜಾಹೀರಾತಿಗೆ 5,000 ಉಳಿಸಿದೆವು. ಬೇರೆ ಬೇಳೆ ಕಂಪನಿಯವರು ನಮ್ಮ ಹೆಸರಿನ ಮೇಲೆ ಬಿಡ್ ಹಾಕಿದರೆ ಪುಕ್ಕಟೆ ಲಿಂಕಿನ ಮೇಲೆ ಅವರು ಕೂರುತ್ತಾರೆ, ಆಗ ಮೇಲಿನ ಪರೀಕ್ಷೆಯ ಫಲಿತಾಂಶ ಲಾಗೂ ಆಗುವುದಿಲ್ಲ. ಗೂಗಲ್ ಆ್ಯಡ್ಸ್‌ನಲ್ಲಿ ಜಾಹೀರಾತು ಹರಾಜಿನ ವರದಿಯಾದ ಆಕ್ಷನ್ ಇನ್‌ಸೈಟ್ಸ್‌ನಲ್ಲಿ ಇದು ಕಾಣುತ್ತದೆ, ಆದರೆ ನಮ್ಮ ಜಾಹೀರಾತು ಸ್ವಲ್ಪವಾದರೂ ಓಡುತ್ತಿದ್ದರೆ ಮಾತ್ರ. ಉಳಿದ 7,000 ಮಾಲೀಕರ ಜೇಬಿಗೆ ವಾಪಸ್.

ಬೆಂಗಳೂರಿಗೆ ಈ ವಿಧಾನ ಒಗ್ಗುವುದಿಲ್ಲ. ಅರ್ಧ ವ್ಯಾಪಾರ ಅಲ್ಲಿಯದೇ, ಆದರೆ ಅದಕ್ಕೆ ಜೋಡಿ ಊರು ಕರ್ನಾಟಕದಲ್ಲಿಲ್ಲ. ಬಡಾವಣೆವಾರು ಒಡೆಯೋಣ ಎಂದರೆ ಜನ ಜಯನಗರದಲ್ಲಿ ರೀಲ್ ನೋಡಿ ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ಕೂತು ಆರ್ಡರ್ ಮಾಡುತ್ತಾರೆ, ಎರಡೂ ಗುಂಪು ಕಲಸಿಹೋಗುತ್ತವೆ. ಸದ್ಯಕ್ಕೆ ಅಲ್ಲಿ ಆರ್ಡರ್ ಖಚಿತಪಡಿಸಲು ಫೋನ್ ಮಾಡುವಾಗ ‘ನಮ್ಮ ಹೆಸರು ಮೊದಲು ಎಲ್ಲಿ ಕೇಳಿದ್ರಿ?’ ಎಂದು ಕೇಳಿ ಬರೆದಿಡುತ್ತಿದ್ದೇವೆ. ಜನರ ನೆನಪು ಪಕ್ಕಾ ಅಲ್ಲ, ಅರ್ಧಕ್ಕರ್ಧ ಮಂದಿ ‘ಗೂಗಲ್‌ನಲ್ಲಿ’ ಎಂದುಬಿಡುತ್ತಾರೆ. ಅದಕ್ಕೇ ಪ್ಯಾಕಿಂಗ್ ಹುಡುಗನಿಗೆ ಇನ್ನೊಂದು ಪ್ರಶ್ನೆ ಹೇಳಿಕೊಟ್ಟಿದ್ದೇನೆ: ಗೂಗಲ್‌ನಲ್ಲಿ ಏನಂತ ಟೈಪ್ ಮಾಡಿದ್ರಿ?