ಮಂಡಿ ನೋವಿಟ್ಟುಕೊಂಡು ಗೋಣಿಕೊಪ್ಪದಿಂದ ಹುಬ್ಬಳ್ಳಿಗೆ: ನಾನು ಪ್ರಯಾಣ ಹೊಂದಿಸಿಕೊಳ್ಳುವ ರೀತಿ

ನನಗೆ ಎರಡೂ ಮಂಡಿ ಸವೆದಿದೆ, ಬಲ ಮಂಡಿ ಜಾಸ್ತಿ. ಸಮತಟ್ಟು ನೆಲದಲ್ಲಿ ಕೋಲು ಹಿಡಿದು ನಿಧಾನವಾಗಿ ನಡೆಯುತ್ತೇನೆ. ಮೆಟ್ಟಿಲು ಮಾತ್ರ ಕಷ್ಟ, ಅದರಲ್ಲೂ ಇಳಿಯುವುದು. ಮಗಳು ಇರುವುದು ಹುಬ್ಬಳ್ಳಿಯಲ್ಲಿ. ನಮ್ಮದು ಗೋಣಿಕೊಪ್ಪದ ಹತ್ತಿರ ತೋಟದ ಮನೆ. ಕೊಡಗಿನಲ್ಲಿ ರೈಲು ಇಲ್ಲವಲ್ಲ, ಹಾಗಾಗಿ ತಿತಿಮತಿ, ಹುಣಸೂರು ದಾರಿಯಲ್ಲಿ ಬಸ್ಸು ಹಿಡಿದು ಮೈಸೂರಿಗೆ ಹೋಗಿ, ಅಲ್ಲಿಂದ ರಾತ್ರಿ ರೈಲು ಹತ್ತುತ್ತೇನೆ.

ಹೊರಡುವ ಮುಂಚೆ ನಾನು ಎಷ್ಟು ದೂರ ಅಂತ ಲೆಕ್ಕ ಹಾಕುವುದಿಲ್ಲ. ಸೀಟಿನಲ್ಲಿ ಕೂತ ಮೇಲೆ ದೂರ ಅಷ್ಟಾಗಿ ಕಾಡುವುದಿಲ್ಲ. ಮಂಡಿಗೆ ಪೆಟ್ಟು ಬೀಳುವುದು ಒಂದು ವಾಹನ ಇಳಿದು ಇನ್ನೊಂದು ಹತ್ತುವ ಹೊತ್ತಿನಲ್ಲಿ. ಅದಕ್ಕೆ ಒಂದು ಹಾಳೆಯಲ್ಲಿ ಅಂಥ ಜಾಗಗಳನ್ನಷ್ಟೇ ಬರೆದುಕೊಳ್ಳುತ್ತೇನೆ. ಮನೆಯಿಂದ ರಸ್ತೆ, ರಸ್ತೆಯಿಂದ ಬಸ್ಸು, ಬಸ್ಸಿನಿಂದ ಆಟೋ, ಆಟೋದಿಂದ ಪ್ಲಾಟ್‌ಫಾರ್ಮ್, ಪ್ಲಾಟ್‌ಫಾರ್ಮಿನಿಂದ ಬೋಗಿ, ಕೊನೆಗೆ ಹುಬ್ಬಳ್ಳಿಯಲ್ಲಿ ಬೋಗಿಯಿಂದ ಕಾರು. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ: ಎಷ್ಟು ನಡೆಯಬೇಕು, ಮೆಟ್ಟಿಲು ಇದೆಯಾ, ಹಿಡಿದುಕೊಳ್ಳಲು ಕಂಬಿ ಇದೆಯಾ. ಉತ್ತರ ಗೊತ್ತಿಲ್ಲದ ಕಡೆ ಫೋನ್ ಮಾಡಿ ಕೇಳುತ್ತೇನೆ.

ಮನೆಯಿಂದ ರಸ್ತೆಗೆ ಇಳಿಜಾರು ದಾರಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅಲ್ಲಿ ಯೋಚನೆಗೆ ಏನೂ ಇಲ್ಲ, ಜೀಪು ಬಾಗಿಲ ತನಕ ಬರಬೇಕು. ಜೀಪಿನವರಿಗೆ ಹಿಂದಿನ ದಿನವೇ ಹೇಳಿಟ್ಟಿರುತ್ತೇನೆ.

ಬಸ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಗೇಟಿನ ಹತ್ತಿರವೇ ಬಸ್ಸು ನಿಲ್ಲುತ್ತದೆ. ಆದರೂ ನಾನು ಅಲ್ಲಿ ಹತ್ತುವುದಿಲ್ಲ, ಗೋಣಿಕೊಪ್ಪ ಬಸ್ ಸ್ಟ್ಯಾಂಡಿಗೇ ಹೋಗುತ್ತೇನೆ. ಕಾರಣ ಇಷ್ಟೆ. ನಮ್ಮ ಕಡೆ ಟಾರು ರಸ್ತೆಗಿಂತ ಪಕ್ಕದ ಮಣ್ಣು ತಗ್ಗಾಗಿರುತ್ತದೆ, ಮಳೆ ನೀರು ಕೊರೆದು ಇನ್ನೂ ತಗ್ಗಾಗಿರುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಮೊದಲೇ ಎತ್ತರ. ನಾವು ತಗ್ಗಿನಲ್ಲಿ ನಿಂತರೆ ಅದು ಮಂಡಿಯ ಮಟ್ಟಕ್ಕೇ ಬಂದುಬಿಡುತ್ತದೆ. ಮೇಲಿಂದ, ದಾರಿಯಲ್ಲಿ ನಿಲ್ಲಿಸಿದ ಡ್ರೈವರಿಗೆ ಅವಸರ ಇರುತ್ತದೆ. ಸ್ಟ್ಯಾಂಡಿನಲ್ಲಿ ನೆಲ ಸಮ ಇರುತ್ತದೆ, ಬಸ್ಸು ಐದು ನಿಮಿಷವಾದರೂ ನಿಂತಿರುತ್ತದೆ. ಬೇರೆ ದಾರಿಯೇ ಇಲ್ಲದೆ ರಸ್ತೆ ಬದಿಯಲ್ಲಿ ಹತ್ತಬೇಕಾದರೆ, ಮಣ್ಣಿನ ಮೇಲಲ್ಲ, ಟಾರಿನ ಅಂಚಿನ ಮೇಲೆ ಕಾಲಿಟ್ಟು ಹತ್ತುವ ಹಾಗೆ ಬಸ್ಸನ್ನು ಸ್ವಲ್ಪ ಒಳಗೆ ನಿಲ್ಲಿಸಲು ಕೇಳಿ. ಕೆಲವರು ಪ್ಲಾಸ್ಟಿಕ್ ಸ್ಟೂಲು ಇಟ್ಟು ಹತ್ತಿಸುತ್ತಾರೆ. ಒರಟು ನೆಲದಲ್ಲಿ ಅದು ವಾಲುತ್ತದೆ, ನನಗೆ ಅದು ಬೇಡವೇ ಬೇಡ.

ಹತ್ತುವ ಕ್ರಮ ಫಿಸಿಯೋಥೆರಪಿಯವರು ಕಲಿಸಿದ್ದು. ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಏರುವಾಗ ಇಡೀ ಮೈಯನ್ನು ಎತ್ತುವುದು ಮೇಲಿನ ಮೆಟ್ಟಿಲಲ್ಲಿರುವ ಕಾಲು. ಇಳಿಯುವಾಗ ಭಾರ ತಡೆದು ನಿಧಾನವಾಗಿ ಬಗ್ಗುವುದು ಮೇಲೆ ಉಳಿದ ಕಾಲು. ಎರಡೂ ಕಡೆ ಆ ಕೆಲಸ ಒಳ್ಳೆಯ ಕಾಲಿಗೇ ಸಿಗಬೇಕು. ಒಂದು ಮೆಟ್ಟಿಲಿಗೆ ಎರಡೂ ಕಾಲು ತಂದು ನಿಲ್ಲಿಸಿ, ಆಮೇಲೆ ಮುಂದಿನದು. ಕೋಲನ್ನು ಹತ್ತುವ ಮುಂಚೆಯೇ ಜೊತೆಯವರ ಕೈಗೆ ಕೊಟ್ಟುಬಿಡಿ, ಎರಡೂ ಕೈ ಕಂಬಿಗೆ ಬೇಕು.

ಸೀಟು ಆರಿಸುವುದಕ್ಕೂ ಒಂದು ಲೆಕ್ಕ ಇದೆ. ನೋವಿನ ಕಾಲನ್ನು ಆಗಾಗ ಚಾಚಲು ಓಡಾಡುವ ದಾರಿಯ ಕಡೆ ಜಾಗ ಸಿಗಬೇಕು. ಬಲ ಮಂಡಿ ನೋವಿದ್ದರೆ ಬಸ್ಸಿನ ಎಡಗಡೆಯ ಸಾಲಿನಲ್ಲಿ, ದಾರಿಗೆ ಹತ್ತಿದ ಸೀಟು. ಎಡ ಮಂಡಿಯಾದರೆ ಬಲಗಡೆ ಸಾಲಿನಲ್ಲಿ, ದಾರಿಯ ಪಕ್ಕದ್ದು. ಬಾಗಿಲಿನಿಂದ ಎರಡು ಮೂರು ಸಾಲಿನೊಳಗೆ ಇರಲಿ. ಚಕ್ರದ ಮೇಲಿನ ಸೀಟು ಬೇಡ, ಅಲ್ಲಿ ನೆಲ ಉಬ್ಬಿರುವುದರಿಂದ ಮಂಡಿ ಇನ್ನೂ ಮಡಚಿಕೊಳ್ಳುತ್ತದೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಮಗೆ ಟಿಕೆಟ್ ಉಚಿತ, ರಾಜಹಂಸಕ್ಕೆ ದುಡ್ಡು ಕೊಡಬೇಕು. ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತಿಗೆ ಹೊರಟರೆ ನಾನು ಸಾಮಾನ್ಯ ಬಸ್ಸನ್ನೇ ಆರಿಸುತ್ತೇನೆ. ಶನಿವಾರ, ಭಾನುವಾರ, ಹಬ್ಬದ ಎಡೆಯಲ್ಲಿ ಮಾತ್ರ ಸೀಟು ಕಾದಿರಿಸುವ ಬಸ್ಸೇ ಸರಿ. ತಿರುವುಗಳಲ್ಲಿ ನಿಂತು ಹೋಗುವುದು ಈ ಮಂಡಿಗೆ ಆಗುವ ಮಾತಲ್ಲ.

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಶನ್ ಎರಡು ಕಿಲೋಮೀಟರಿನೊಳಗೆ. ಆಟೋದವರಿಗೆ ಮುಖ್ಯ ದ್ವಾರಕ್ಕೇ ಬಿಡಿ ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ಹಿಂದುಗಡೆಯೂ ಒಂದು ದ್ವಾರ ಇದೆ. ಮುಖ್ಯ ದ್ವಾರದಿಂದ ಒಳಗೆ ಹೋದರೆ ನೇರವಾಗಿ ಒಂದನೇ ಪ್ಲಾಟ್‌ಫಾರ್ಮ್. ಆಟೋಗೆ ಹತ್ತುವಾಗ ಕಾಲು ಮೊದಲು ಇಡಬೇಡಿ. ಬೆನ್ನು ಮಾಡಿ ಸೀಟಿನ ಅಂಚಿಗೆ ಕೂತು, ಆಮೇಲೆ ಕಾಲುಗಳನ್ನು ಒಳಗೆ ತಿರುಗಿಸಿಕೊಳ್ಳಿ.

ಈಗ ರೈಲು ಟಿಕೆಟ್. ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಆ ದಿನವೇ ಮಗಳು ಮಾಡಿಸುತ್ತಾಳೆ. ಕೋಟಾ ಕೇಳುವ ಜಾಗದಲ್ಲಿ LOWER BERTH/SR.CITIZEN ಅಂತ ಒಂದು ಆಯ್ಕೆ ಇದೆ. ಅರವತ್ತು ತುಂಬಿದ ಗಂಡಸರಿಗೆ, ನಲವತ್ತೈದು ತುಂಬಿದ ಹೆಂಗಸರಿಗೆ ಇದು ಸಿಗುತ್ತದೆ. ಬಹಳ ಜನ ಎಡವುವುದು ಇಲ್ಲೇ: ಆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು, ಇಬ್ಬರೂ ಆ ವಯಸ್ಸಿನವರೇ ಆಗಿರಬೇಕು. ಜೊತೆಗೆ ಬರುವ ಇಪ್ಪತ್ತೈದರ ಮೊಮ್ಮಗನನ್ನು ಅದೇ ಟಿಕೆಟ್‌ಗೆ ಸೇರಿಸಿದರೆ ಈ ಕೋಟಾ ಸಿಗುವುದಿಲ್ಲ. ಅವನಿಗೆ ಬೇರೆ ಟಿಕೆಟ್ ಮಾಡಿಸಿ, ಹತ್ತಿದ ಮೇಲೆ ಜಾಗ ಬದಲಿಸಿಕೊಂಡರಾಯಿತು. ಮೇಲಿನ ಬರ್ತ್ ಬಿಟ್ಟುಕೊಡಿ ಅಂತ ಕೇಳುವವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಕೆಳಗಿನದನ್ನು ಕೇಳುವುದು ಕಷ್ಟ.

ಕೆಳಗಿನ ಬರ್ತ್ ಸಿಕ್ಕಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಸ್ಲೀಪರ್ ಮತ್ತು ತ್ರೀ ಟಯರ್ ಎಸಿ ಬೋಗಿಗಳಲ್ಲಿ ರಾತ್ರಿ ನಡುವಿನ ಬರ್ತ್ ಬಿಚ್ಚಿದ ಮೇಲೆ ಕೆಳಗೆ ನೆಟ್ಟಗೆ ಕೂರಲು ಆಗುವುದಿಲ್ಲ. ತಲೆ ಬಗ್ಗಿಸಿ, ಮೈ ಮುಂದಕ್ಕೆ ಬಾಗಿಸಿ, ಆ ಭಂಗಿಯಲ್ಲೇ ಎದ್ದು ನಿಲ್ಲಬೇಕು. ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಡಿಯ ಮೇಲೆ ಬೀಳುವ ಭಾರ ಆಗ ಗೊತ್ತಾಗುತ್ತದೆ. ಟೂ ಟಯರ್ ಎಸಿಯಲ್ಲಿ ನಡುವಿನ ಬರ್ತ್ ಇಲ್ಲ, ನೆಟ್ಟಗೆ ಕೂತು, ಕೈ ಊರಿ ಏಳಬಹುದು. ದುಡ್ಡು ಜಾಸ್ತಿ, ಆದರೆ ರಾತ್ರಿ ಪ್ರಯಾಣಕ್ಕೆ ನಾನು ಬೇರೆ ಖರ್ಚು ಕಡಿಮೆ ಮಾಡಿ ಅದನ್ನೇ ತೆಗೆದುಕೊಳ್ಳುತ್ತೇನೆ. ಅದು ಆಗದಿದ್ದರೆ ಸೈಡ್ ಲೋವರ್ ಒಳ್ಳೆಯದು. ಅದರ ಮೇಲೆ ಸೈಡ್ ಅಪ್ಪರ್ ಒಂದೇ ಇರುವುದು, ಹಾಗಾಗಿ ಕೂರಲು ಎತ್ತರ ಸಿಗುತ್ತದೆ. ಓಡಾಡುವವರು ತಾಗಿಸಿಕೊಂಡು ಹೋಗುತ್ತಾರೆ ಅನ್ನುವುದು ಅದರ ತೊಂದರೆ. ಟಿಕೆಟ್ ಸ್ಲೀಪರ್ ಅಥವಾ ತ್ರೀ ಟಯರ್ ಎಸಿಯದ್ದಾಗಿದ್ದರೆ ಬರ್ತ್ ನಂಬರನ್ನು ಎಂಟರಿಂದ ಭಾಗಿಸಿ ನೋಡಿ: ಶೇಷ ಒಂದು ಅಥವಾ ನಾಲ್ಕು ಬಂದರೆ ಕೆಳಗಿನದು, ಏಳು ಬಂದರೆ ಸೈಡ್ ಲೋವರ್.

ರೈಲು ಆರಿಸುವಾಗ ನಾನು ನೋಡುವುದು ಅದು ಮೈಸೂರಿನಿಂದಲೇ ಹೊರಡುತ್ತದೆಯಾ ಅಂತ. ಹೊರಡುವ ಸ್ಟೇಶನ್ನಿನಲ್ಲಿ ರೈಲು ಮೊದಲೇ ಬಂದು ನಿಂತಿರುತ್ತದೆ. ಎರಡು ನಿಮಿಷ ನಿಲ್ಲುವ ರೈಲಿಗೆ ಕೋಲು ಹಿಡಿದು ಹತ್ತುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಎತ್ತರದ ಪ್ಲಾಟ್‌ಫಾರ್ಮ್ ಇದ್ದರೂ ಬೋಗಿಯ ನೆಲ ಅದಕ್ಕಿಂತ ಒಂದೂವರೆ ಅಡಿಯಷ್ಟು ಮೇಲಿರುತ್ತದೆ, ನಡುವೆ ಒಂದು ಕಿರಿದಾದ ಮೆಟ್ಟಿಲು. ಸಣ್ಣ ಸ್ಟೇಶನ್ನಿನ ತಗ್ಗು ಪ್ಲಾಟ್‌ಫಾರ್ಮಿನಲ್ಲಾದರೆ ಅದು ಏಣಿ ಹತ್ತಿದ ಹಾಗೆ. ಆದ್ದರಿಂದ ಮನೆಗೆ ಹತ್ತಿರ ಅಂತ ಸಣ್ಣ ಸ್ಟೇಶನ್ ಆರಿಸಬೇಡಿ. ಇಳಿಯುವಾಗ ನಾನು ಬೋಗಿಯ ಕಡೆ ಮುಖ ಮಾಡಿ, ಎರಡೂ ಕಡೆಯ ಕಂಬಿ ಹಿಡಿದು, ನೋವಿನ ಕಾಲನ್ನು ಮೊದಲು ಕೆಳಗಿಡುತ್ತೇನೆ. ಮುಂದಕ್ಕೆ ಬಿದ್ದುಬಿಡುತ್ತೇನೆ ಅನ್ನುವ ಹೆದರಿಕೆ ಇರುವುದಿಲ್ಲ.

ನಡೆಯುವ ದೂರ ತಪ್ಪಿಸಲು ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ತಿಳಿಯಬೇಕು. ರೈಲ್ವೆಯ NTES ಆ್ಯಪ್‌ನಲ್ಲಿ ಬೋಗಿಗಳ ಸಾಲು ತೋರಿಸುತ್ತದೆ, ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲೂ ಬರುತ್ತದೆ. ಹುಬ್ಬಳ್ಳಿಯಲ್ಲಿ ಇದು ಬಹಳ ಮುಖ್ಯ. ಅಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನಮ್ಮಂಥವರಿಗೆ ಉದ್ದ ಅಂದರೆ ನಡಿಗೆ. ಅದಕ್ಕೆ ಮಗಳಿಗೆ ಬೋಗಿ ನಂಬರ್ ಕಳಿಸಿರುತ್ತೇನೆ. ಅವಳು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಸ್ಟೇಶನ್ ಮ್ಯಾನೇಜರ್ ಕಚೇರಿಯಲ್ಲಿ ವೀಲ್‌ಚೇರ್ ಕೇಳಿ, ರೈಲು ಬರುವ ಮುಂಚೆ ಆ ಬೋಗಿ ನಿಲ್ಲುವ ಜಾಗಕ್ಕೆ ತರುತ್ತಾಳೆ. ತಳ್ಳಲು ಪೋರ್ಟರ್ ಬೇಕಿದ್ದರೆ ಕೂಲಿ ಮೊದಲೇ ಮಾತಾಡಿಕೊಳ್ಳಿ. ಬರುವವರು ಯಾರೂ ಇಲ್ಲದಿದ್ದರೆ ಹಿಂದಿನ ದಿನ 139ಕ್ಕೆ ಫೋನ್ ಮಾಡಿ ಕೇಳಿ, ರೈಲಿನಲ್ಲಿ ಟಿಟಿಇಗೂ ಹೇಳಿಡಿ.

ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾದರೆ ಏನು? ದಾರಿ ನಡುವಿನ ಒಂದು ಜಂಕ್ಷನ್ನಿನಲ್ಲಿ ನನಗೆ ಹಾಗಾಗಿತ್ತು. ಎಲ್ಲರೂ ಮೇಲ್ಸೇತುವೆ ಕಡೆ ಓಡಿದರು, ನಾನು ಇದ್ದಲ್ಲೇ ನಿಂತೆ. ಪೋರ್ಟರ್ ಒಬ್ಬರು ವೀಲ್‌ಚೇರ್ ತಂದು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸಾಮಾನಿನ ಗಾಡಿಗಳು ಹಳಿ ದಾಟುವ ದಾರಿಯಿಂದ ಆಚೆ ಕರೆದೊಯ್ದರು. ಅಂಥ ದಾರಿ ಬಹಳ ದೊಡ್ಡ ಸ್ಟೇಶನ್ನುಗಳಲ್ಲಿ ಇದೆ, ಆದರೆ ಸ್ಟೇಶನ್ನಿನವರು ಜೊತೆಗಿದ್ದಾಗ ಮಾತ್ರ ಹೋಗಬೇಕು. ಲಿಫ್ಟ್ ಇರುವ ಕಡೆ ಅದನ್ನೇ ಕೇಳಿ. ಅಂದಿನಿಂದ ರೈಲು ಹೊರಡುವ ಒಂದು ಗಂಟೆ ಮುಂಚೆ ಸ್ಟೇಶನ್ ತಲುಪುತ್ತೇನೆ, ಪ್ರಕಟಣೆ ಕೇಳಿಸುವ ಜಾಗದಲ್ಲೇ ಕೂರುತ್ತೇನೆ.

ಹಿಂದಿರುಗುವಾಗಲೂ ಇದೇ ಲೆಕ್ಕ. ಒಂದು ಮಾತ್ರ ಸೇರಿಸಬೇಕು: ಬಹಳ ಹೊತ್ತು ಮಡಚಿದ ಮಂಡಿ ಬಿಗಿದುಕೊಂಡಿರುತ್ತದೆ, ತಟ್ಟನೆ ಎದ್ದರೆ ಕೈಕೊಡುತ್ತದೆ. ತಿತಿಮತಿ ದಾಟಿದ ಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸಿ, ಮಂಡಿಯನ್ನು ಹತ್ತಾರು ಸಲ ಮಡಚಿ ನೀಡುತ್ತೇನೆ. ಗೋಣಿಕೊಪ್ಪದಲ್ಲಿ ಬಸ್ಸು ಪೂರ್ತಿ ನಿಂತು, ಅವಸರದವರೆಲ್ಲ ಇಳಿದ ಮೇಲೆ ಏಳುತ್ತೇನೆ. "ನಿಧಾನ ಇಳೀರಿ ಅಮ್ಮ" ಅಂತ ಕಂಡಕ್ಟರೇ ಕೋಲು ಹಿಡಿದುಕೊಳ್ಳುತ್ತಾರೆ, ಜೀಪು ಅಷ್ಟರಲ್ಲಿ ಬಾಗಿಲ ಹತ್ತಿರ ಬಂದಿರುತ್ತದೆ.